ಬಸುರಿಯ ತೂಕ: ಕಾರ್ಡಿನ ಮೊದಲ ಸಾಲಿನ ಲೆಕ್ಕ

ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ತಿಂಗಳ 9ನೇ ತಾರೀಖು, ಬಸುರಿಯರ ತಪಾಸಣೆಯ ದಿನ. ಗೋಡೆಯ ಬದಿಯ ಬೆಂಚಿನ ತುಂಬ ಹೆಂಗಸರು, ಕೈಯಲ್ಲಿ ತಾಯಿ ಕಾರ್ಡ್. ಸಿಸ್ಟರ್ ಒಬ್ಬೊಬ್ಬರನ್ನೇ ಚಪ್ಪಲಿ ಬಿಡಿಸಿ ತೂಕದ ಮಷೀನಿನ ಮೇಲೆ ನಿಲ್ಲಿಸುತ್ತಿದ್ದರು. ಅದರಲ್ಲಿ ವಿಶೇಷವೇನಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪಕ್ಕದಲ್ಲಿದ್ದ ರೂಲ್ಡ್ ನೋಟ್‌ಬುಕ್ಕು. ಅದರಲ್ಲಿ ಪ್ರತಿ ಹೆಸರಿನ ಎದುರು ಇವತ್ತಿನ ತೂಕಕ್ಕಿಂತ ದಪ್ಪ ಅಕ್ಷರದಲ್ಲಿ ಎರಡು ಸಂಖ್ಯೆಗಳಿದ್ದವು: ಬಸಿರಾದ ಹೊಸದರಲ್ಲಿ ಆಕೆಯ ಬಿಎಂಐ ಎಷ್ಟಿತ್ತು, ಕಳೆದ ಸಲದಿಂದ ಈಚೆಗೆ ಎಷ್ಟು ಏರಿದೆ.

‘ಬಸುರಿ ಹತ್ತು ಹನ್ನೆರಡು ಕೆ.ಜಿ. ಏರಬೇಕು’ ಎಂಬ ಮಾತು ಎಲ್ಲರಿಗೂ ಗೊತ್ತು. ನಮ್ಮ ಆರೋಗ್ಯ ಇಲಾಖೆಯ ಹಳೆಯ ಮಾರ್ಗಸೂಚಿಯಲ್ಲೂ 9ರಿಂದ 11 ಕೆ.ಜಿ. ಎಂದೇ ಇತ್ತು. ಆದರೆ ಆ ನೋಟ್‌ಬುಕ್ಕಿನ ಪ್ರಕಾರ ಎಲ್ಲರಿಗೂ ಒಂದೇ ಗುರಿ ಇಲ್ಲ. ಅದರ ಹಿಂದಿರುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪರಿಷ್ಕರಿಸಿದ, ಇಂದು ಅನೇಕ ದೇಶಗಳ ವೈದ್ಯರು ಬಳಸುವ ಪಟ್ಟಿ. ಬಸಿರಿಗೆ ಮುಂಚೆ ಬಿಎಂಐ 18.5ಕ್ಕಿಂತ ಕಡಿಮೆ ಇದ್ದವರು ಒಟ್ಟು 12.5ರಿಂದ 18 ಕೆ.ಜಿ. ಏರಬೇಕು. 18.5ರಿಂದ 24.9ರವರೆಗೆ ಇದ್ದರೆ 11.5ರಿಂದ 16, 25ರಿಂದ 29.9 ಇದ್ದರೆ 7ರಿಂದ 11.5, ಮೂವತ್ತು ದಾಟಿದ್ದರೆ 5ರಿಂದ 9 ಕೆ.ಜಿ. ಸಣ್ಣಗಿರುವವಳು ಹೆಚ್ಚು ಏರಬೇಕು, ದಪ್ಪಗಿರುವವಳು ಕಡಿಮೆ. ಹತ್ತು ಕೆ.ಜಿ. ಎಂಬ ಒಂದೇ ಅಳತೆ ಮೊದಲನೆಯವಳಿಗೆ ಸಾಲದು, ಕೊನೆಯವಳಿಗೆ ಹೆಚ್ಚಾಯಿತು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಸಿಸ್ಟರ್ ಒಂದು ಚೊಚ್ಚಲು ಬಸುರಿಯ ಪುಟ ತೆರೆದರು. ಎತ್ತರ 150 ಸೆಂ.ಮೀ., ಒಂಬತ್ತನೇ ವಾರದಲ್ಲಿ ತೂಕ 41 ಕೆ.ಜಿ. ಎತ್ತರವನ್ನು ಮೀಟರಿನಲ್ಲಿ ಅದರಿಂದಲೇ ಗುಣಿಸಿದರೆ 2.25. ನಲವತ್ತೊಂದನ್ನು ಅದರಿಂದ ಭಾಗಿಸಿದರೆ 18.2. ಅಂದರೆ ಹುಡುಗಿ ಮೊದಲ ಗುಂಪಿನವಳು. ಹೆರಿಗೆಯ ಹೊತ್ತಿಗೆ ಕನಿಷ್ಠ 53.5 ಕೆ.ಜಿ. ಆಗಬೇಕು. ಮೊದಲ ಮೂರು ತಿಂಗಳಲ್ಲಿ ಎಲ್ಲರಿಗೂ ಅರ್ಧದಿಂದ ಎರಡು ಕೆ.ಜಿ. ಏರಿದರೆ ಸಾಕು, ವಾಂತಿಯಲ್ಲಿ ಚೂರು ಇಳಿದರೂ ಗಾಬರಿಯಿಲ್ಲ. ಆಮೇಲೆ ಇಂಥವರಿಗೆ ವಾರಕ್ಕೆ ಸುಮಾರು ಅರ್ಧ ಕೆ.ಜಿ., ತಿಂಗಳಿಗೆ ಎರಡು.

ಹದಿಮೂರನೇ ವಾರಕ್ಕೆ 42 ಇದ್ದವಳು ಹದಿನೇಳಕ್ಕೆ 43.8, ಇಪ್ಪತ್ತೊಂದಕ್ಕೆ 45.6 ಆಗಿದ್ದಳು. ಇಪ್ಪತ್ತೈದಕ್ಕೆ ಬಂದಾಗ 46.2. ನಾಲ್ಕು ವಾರದಲ್ಲಿ ಬರೀ 600 ಗ್ರಾಂ. ಸಿಸ್ಟರ್ ಮೊದಲು ಸಂಶಯಪಟ್ಟದ್ದು ಮಷೀನಿನ ಮೇಲೆ. ಮುಳ್ಳು ಸೊನ್ನೆಯಲ್ಲಿದೆಯೇ, ಕಳೆದ ಸಲವೂ ಇದೇ ಮಷೀನೇ, ಹೋದ ಸಲ ಊಟವಾದ ಮೇಲೆ ನಿಂತಿದ್ದಳೇ? ಬೇರೆ ಬೇರೆ ಮಷೀನು, ಸೀರೆ, ಊಟ ಸೇರಿದರೆ ಒಂದು ಕೆ.ಜಿ. ವ್ಯತ್ಯಾಸ ಸುಲಭವಾಗಿ ಬರುತ್ತದೆ. ಮಷೀನಿನ ದೋಷವಲ್ಲ ಎಂದು ಖಾತ್ರಿಯಾದ ಮೇಲೆ ಹುಡುಗಿಯ ಕಡೆ ತಿರುಗಿದರಂತೆ.

‘ಯಾಕವ್ವ, ರಾತ್ರಿ ಊಟ ಬಿಟ್ಟಿದ್ದೀಯ?’

‘ಅಜ್ಜಿ ಬೇಡ ಅಂದ್ರು ಅಕ್ಕ. ಜಾಸ್ತಿ ಉಂಡ್ರೆ ಮಗ ದಪ್ಪ ಆಯ್ತದೆ, ಹೆರಿಗೆ ಕಷ್ಟ ಆಯ್ತದೆ ಅಂತ.’

ಈ ಮಾತು ಕೇಳಿದ್ದೇ ನನಗೆ ಹ್ಯಾಂಬರ್ಗಿನ ಒಬ್ಬ ವೈದ್ಯ ನೆನಪಾದ. ಹೆಸರು ಲುಡ್ವಿಗ್ ಪ್ರೊಖೋವ್ನಿಕ್. 1889ರಲ್ಲಿ ಆತ ಜರ್ಮನ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದದ್ದು ಈ ಅಜ್ಜಿಯ ಮಾತನ್ನೇ. ಆಗ ಯುರೋಪಿನ ಬಡ ಹೆಂಗಸರಲ್ಲಿ ರಿಕೆಟ್ಸ್‌ನಿಂದ ಸೊಟ್ಟಗಾದ, ಕಿರಿದಾದ ಸೊಂಟದ ಮೂಳೆ ಸಾಮಾನ್ಯವಾಗಿತ್ತು. ಸಿಜೇರಿಯನ್ ಎಂದರೆ ತಾಯಿಯ ಜೀವಕ್ಕೇ ಅಪಾಯ. ಹಾಗಾಗಿ ವೈದ್ಯರು ಮಗು ದೊಡ್ಡದಾಗುವ ಮುಂಚೆಯೇ, ದಿನ ತುಂಬದೆಯೇ ಹೆರಿಗೆ ಮಾಡಿಸುತ್ತಿದ್ದರು, ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ. ಅದರ ಬದಲಿಗೆ ಪ್ರೊಖೋವ್ನಿಕ್ ಕೊನೆಯ ವಾರಗಳಲ್ಲಿ ತಾಯಿಗೆ ನೀರು, ಪಿಷ್ಟ, ಸಕ್ಕರೆ ಕಡಿಮೆ ಮಾಡಿ ಮಾಂಸ, ಮೊಟ್ಟೆಯಂಥ ಪ್ರೋಟೀನು ಹೆಚ್ಚಿರುವ ಪಥ್ಯ ಕೊಟ್ಟ. ಮಗು ತೆಳ್ಳಗೆ ಹುಟ್ಟಿತು, ತಾಯಿ ತಾನಾಗಿಯೇ ಹೆತ್ತಳು ಎಂದು ವರದಿ ಮಾಡಿದ. ಇದು ಕಿರಿದಾದ ಸೊಂಟದವರಿಗಾಗಿ ಹುಟ್ಟಿದ ಉಪಾಯ, ಕೆಲವೇ ಮಂದಿಯ ಮೇಲೆ ನಡೆದ ಪ್ರಯೋಗ.

ಆದರೆ ಪಥ್ಯ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ದಶಕಗಳಲ್ಲಿ ಸೊಂಟ ಸರಿಯಾಗಿರುವವರಿಗೂ ಹಬ್ಬಿತು. ಬಸಿರಿನಲ್ಲಿ ಬಿ.ಪಿ. ಏರಿ ಫಿಟ್ಸ್ ಬರುವ ನಂಜಿಗೆ ತೂಕವೇ ಕಾರಣ ಎಂಬ ನಂಬಿಕೆ ಅದಕ್ಕೆ ಜೊತೆಯಾಯಿತು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದಲ್ಲಿ ಏಳೆಂಟು ಕೆ.ಜಿ.ಗಿಂತ ಹೆಚ್ಚು ಏರಿದ ಬಸುರಿಯನ್ನು ವೈದ್ಯರು ಗದರುತ್ತಿದ್ದರು. ಉಪ್ಪು ಬಿಡಿಸುತ್ತಿದ್ದರು, ಮೂತ್ರ ಹೆಚ್ಚಿಸುವ ಮಾತ್ರೆ, ಹಸಿವು ಕುಗ್ಗಿಸುವ ಮಾತ್ರೆ ಬರೆದುಕೊಡುತ್ತಿದ್ದರು. 1970ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಇದಕ್ಕೆ ಆಧಾರವಿಲ್ಲ ಎಂದು ಹೇಳಿ 9ರಿಂದ 11 ಕೆ.ಜಿ. ಏರಲಿ ಎಂದಿತು. 1990ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಮೊದಲ ಸಲ ಬಿಎಂಐ ನೋಡಿ ಗುರಿಗಳನ್ನು ಬೇರೆ ಮಾಡಿತು, 2009ರಲ್ಲಿ ತಿದ್ದಿತು. ಹ್ಯಾಂಬರ್ಗಿನ ವೈದ್ಯನಿಗೂ ಮಂಡ್ಯದ ಅಜ್ಜಿಗೂ ಪರಿಚಯವಿಲ್ಲ. ಇಬ್ಬರ ಭಯ ಮಾತ್ರ ಒಂದೇ: ಸಿಕ್ಕಿಹಾಕಿಕೊಳ್ಳುವ ಮಗು, ಸಾಯುವ ತಾಯಿ. ಆ ಭಯಕ್ಕೆ ಕಾರಣವಿತ್ತು. ಅಜ್ಜಿಯನ್ನು ಮೂಢಳೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ಆಕೆ ಹೇಳುವ ಪರಿಹಾರ ಫಲಿಸುವುದಿಲ್ಲ. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಬರಗಾಲ ಬಿದ್ದು ಬಸುರಿಯರಿಗೂ ದಿನಕ್ಕೆ ಅರೆಹೊಟ್ಟೆಯಾಯಿತು. ಅಷ್ಟು ಹಸಿವಿಗೂ ಕೊನೆಯ ತಿಂಗಳುಗಳಲ್ಲಿ ಸಿಕ್ಕಿಬಿದ್ದ ಕೂಸುಗಳ ತೂಕ ಇಳಿದದ್ದು ಸರಾಸರಿ 300 ಗ್ರಾಂ. ಇತ್ತ ಬಡಕಲು ತಾಯಂದಿರಿಗೆ ಹೆಚ್ಚಿನ ಆಹಾರ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮಗುವಿನ ತೂಕ ಸರಾಸರಿ ಹೆಚ್ಚಿದ್ದು ಹತ್ತಾರು ಗ್ರಾಂ. ರಾತ್ರಿಯ ಒಂದು ಮುದ್ದೆ ಉಂಡ ಮಾತ್ರಕ್ಕೆ ಮಗು ಸೊಂಟದಲ್ಲಿ ಸಿಕ್ಕುವಷ್ಟು ಬೆಳೆಯದು. ಆ ಪ್ರಯೋಗಗಳಲ್ಲಿ ನಿಜವಾಗಿ ಕಡಿಮೆಯಾದದ್ದು ತೀರ ಸಣ್ಣಗೆ ಹುಟ್ಟುವ ಮಕ್ಕಳ ಸಂಖ್ಯೆ.

ಸಿಸ್ಟರ್ ಇದನ್ನೆಲ್ಲ ಹೇಳಲಿಲ್ಲ. ಹುಡುಗಿಯನ್ನು ಮಲಗಿಸಿ ಹೊಟ್ಟೆಯ ಮೇಲೆ ಟೇಪು ಹಿಡಿದರು. ಗರ್ಭಕೋಶದ ಎತ್ತರ 24 ಸೆಂ.ಮೀ. ವಾರದ ಸಂಖ್ಯೆಗೆ ಎರಡು ಮೂರು ಸೆಂಟಿಮೀಟರಿನ ಒಳಗಿದ್ದರೆ ಸರಿ. ಮಗು ಇನ್ನೂ ಬೆಳೆಯುತ್ತಿದೆ, ತಾಯಿಯ ಮೈಯಲ್ಲಿ ಸೇರಬೇಕಾದ ರಕ್ತ, ಕೊಬ್ಬು ಸೇರುತ್ತಿಲ್ಲ ಎಂದು ಅದರ ಅರ್ಥ. ಹೀಗೆಯೇ ಮುಂದುವರಿದಿದ್ದರೆ ಟೇಪೂ ಹಿಂದೆ ಬೀಳುತ್ತಿತ್ತು. ಆಗ ಸ್ಕ್ಯಾನಿಂಗಿಗೆ ಕಳಿಸಬೇಕು. ಹಿಮೋಗ್ಲೋಬಿನ್ ನೋಡಿದರು. ಹೊಟ್ಟೆ ತೊಳೆಸುತ್ತದೆ ಎಂದು ಕಬ್ಬಿಣದ ಮಾತ್ರೆ ಬಿಟ್ಟಿದ್ದಳು. ಮಲಗುವ ಮುಂಚೆ ತಗೋ ಎಂದರು. ಬಸುರಿಗೆ ದಿನಕ್ಕೆ ಹೆಚ್ಚುವರಿ ಬೇಕಾದದ್ದು ಸುಮಾರು 350 ಕ್ಯಾಲೊರಿ: ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ. ಅದೂ ಬಿಟ್ಟ ರಾತ್ರಿ ಊಟವನ್ನು ಮತ್ತೆ ಶುರುಮಾಡಿದ ಮೇಲೆ. ಇಪ್ಪತ್ತೊಂಬತ್ತನೇ ವಾರದಲ್ಲಿ ಆಕೆ 48.3 ತೂಗಿದ ದಾಖಲೆ ಅದೇ ಪುಟದಲ್ಲಿತ್ತು.

ಈಗ ಇನ್ನೊಂದು ಪುಟ. ಎತ್ತರ 158 ಸೆಂ.ಮೀ., ಶುರುವಿನ ತೂಕ 66, ಬಿಎಂಐ 26.4. ಈಕೆಗೆ ನಾಲ್ಕು ವಾರಕ್ಕೆ ಒಂದು ಕೆ.ಜಿ. ಚಿಲ್ಲರೆ ಸಾಕು. ಇಪ್ಪತ್ತೆಂಟರಿಂದ ಮೂವತ್ತೆರಡನೇ ವಾರದೊಳಗೆ 3.4 ಏರಿದ್ದಳು. ತಿಂಗಳಿಗೆ ಮೂರು ಕೆ.ಜಿ. ದಾಟಿದರೆ ನಮ್ಮ ಮಾರ್ಗಸೂಚಿ ಮೂರನ್ನು ಹುಡುಕಲು ಹೇಳುತ್ತದೆ: ಬಿ.ಪಿ. ಏರಿಕೆಯ ನಂಜು, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ. ದಿಢೀರ್ ಏರಿಕೆ ಬಹುಪಾಲು ನೀರು ತುಂಬಿದ್ದರಿಂದಲೂ ಆಗಬಹುದು. ಆದರೆ ಊತ ಎಷ್ಟೋ ಸಹಜ ಬಸಿರಲ್ಲೂ ಇರುತ್ತದೆ. ತೂಕ ಬರೀ ಬಾಗಿಲು ತಟ್ಟುತ್ತದೆ; ತೀರ್ಪು ಬಿ.ಪಿ. ಮತ್ತು ಮೂತ್ರದ ಪ್ರೋಟೀನಿನದು. ಈಕೆಯ ಬಿ.ಪಿ. 130/84, ಮೂತ್ರ ಸ್ವಚ್ಛ. ಸ್ಕ್ಯಾನಿಂಗಿನಲ್ಲಿ ಒಂದೇ ಮಗು. ಇಪ್ಪತ್ತನಾಲ್ಕನೇ ವಾರದ ನಂತರ ಆಗಬೇಕಿದ್ದ ಸಕ್ಕರೆ ಪರೀಕ್ಷೆ ತವರಿಗೆ ಹೋದ ಓಡಾಟದಲ್ಲಿ ತಪ್ಪಿತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದರೆ 152. 140 ಮುಟ್ಟಿದರೇ ಬಸಿರಿನ ಸಕ್ಕರೆ ಕಾಯಿಲೆ. ತೂಕ ಕೇಳದಿದ್ದರೆ ಅದು ಗೊತ್ತಾಗುತ್ತಿದ್ದುದು ಹೆರಿಗೆಯ ಮೇಜಿನ ಮೇಲೆ. ಆಕೆಗೂ ತೂಕ ಇಳಿಸು ಎಂದು ಯಾರೂ ಹೇಳಲಿಲ್ಲ. ಬಸಿರಿನಲ್ಲಿ ತೂಕ ಇಳಿಸುವ ಡಯಟ್ ಯಾವ ಗುಂಪಿನವರಿಗೂ ಇಲ್ಲ. ಅನ್ನ, ಸಿಹಿ, ಜ್ಯೂಸು ತಗ್ಗಿಸಿ, ಕಾಳು, ತರಕಾರಿ ಹೆಚ್ಚಿಸಿ, ಎರಡು ವಾರಕ್ಕೆ ಮತ್ತೆ ಬಾ ಎಂದರು.

2017ರಲ್ಲಿ 13 ಲಕ್ಷಕ್ಕೂ ಹೆಚ್ಚು ಬಸಿರುಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ಪಟ್ಟಿಗಿಂತ ಕಡಿಮೆ ಏರಿದವರಲ್ಲಿ ಸಣ್ಣ ಮಕ್ಕಳು, ದಿನ ತುಂಬದ ಹೆರಿಗೆಗಳು ಹೆಚ್ಚು. ಮೀರಿದವರಲ್ಲಿ ದೊಡ್ಡ ಮಕ್ಕಳು, ಸಿಜೇರಿಯನ್‌ಗಳು ಹೆಚ್ಚು. ಇವು ಒಟ್ಟೊಟ್ಟಿಗೆ ಕಂಡ ಸಂಗತಿಗಳು; ಒಬ್ಬಳ ಭವಿಷ್ಯವನ್ನು ಹೇಳಲಾರವು.

ಪಟ್ಟಿಯ ಬಗ್ಗೆ ನನಗೆ ಒಂದು ಅನುಮಾನವಿದೆ. ಭಾರತೀಯರಲ್ಲಿ ಬಿಎಂಐ 23 ದಾಟಿದರೇ ತೂಕ ಹೆಚ್ಚು ಎಂದು ನಮ್ಮ ತಜ್ಞರು 2009ರಲ್ಲೇ ಹೇಳಿದ್ದಾರೆ. ಬಿಎಂಐ 24 ಇರುವ ಮಂಡ್ಯದ ಹೆಣ್ಣುಮಗಳು ಅಮೆರಿಕದ ಪಟ್ಟಿಯಲ್ಲಿ ಸಾಮಾನ್ಯ ತೂಕದವಳು, 16 ಕೆ.ಜಿ.ವರೆಗೂ ಅವಳಿಗೆ ಅನುಮತಿ. ಅಷ್ಟು ಏರಲು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಕೆಳಗಿನ ತುದಿಯ ಹತ್ತಿರವೇ ಇರಿಸಿ, ಸಕ್ಕರೆಯ ಮೇಲೆ ಕಣ್ಣಿಡುವುದೇ ಜಾಣತನ.

ಇದಕ್ಕಿಂತ ದೊಡ್ಡ ತೊಡಕು ತಡವಾಗಿ ಬರುವುದು. ಆ 41 ಕೆ.ಜಿ. ಹುಡುಗಿ ಮೊದಲ ಸಲ ಇಪ್ಪತ್ತೊಂದನೇ ವಾರದಲ್ಲಿ ಬಂದಿದ್ದರೆ ಕಾರ್ಡಿನ ಮೊದಲ ಸಾಲಿನಲ್ಲಿ 45.6 ಇರುತ್ತಿತ್ತು. ಬಿಎಂಐ 20.3, ಸಾಮಾನ್ಯ ಗುಂಪು. ಆಕೆಯ ಬಡಕಲುತನವೇ ಕಾಗದದಿಂದ ಮಾಯ. ಗುರಿ ಕೆಳಗಿಳಿಯುತ್ತಿತ್ತು, ಅಷ್ಟರಲ್ಲಿ ಏರಿದ ನಾಲ್ಕೂವರೆ ಕೆ.ಜಿ. ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆದ್ದರಿಂದ ಮುಟ್ಟು ನಿಂತು ಬಸಿರು ಖಾತ್ರಿಯಾದ ಕೂಡಲೇ, ಹನ್ನೆರಡು ವಾರದೊಳಗೆ, ಎತ್ತರ ಮತ್ತು ತೂಕ ಎರಡೂ ಬರೆಸಬೇಕು. ಮದುವೆಯಾದ ಹೊಸದರಲ್ಲಿ ಎಲ್ಲಾದರೂ ತೂಕ ನೋಡಿಸಿದ ಚೀಟಿ ಇದ್ದರೆ ಅದನ್ನೂ ತೋರಿಸಬೇಕು. ತಾಯಿ ಕಾರ್ಡಿನ ತೂಕದ ಪುಟದ ತಲೆಯಲ್ಲಿ ಆ ಮೊದಲ ಬಿಎಂಐ, ಅದರ ಕೆಳಗೆ ಆಕೆಯ ತಿಂಗಳ ಗುರಿಯನ್ನು ಪೆನ್ನಿನಿಂದ ಬರೆಯಲು ಒಂದು ನಿಮಿಷ ಸಾಕು. ಬರೆಯದಿದ್ದರೆ ಬಸುರಿಯೇ ಕೇಳಿ ಬರೆಸಿಕೊಳ್ಳಲಿ, ಮುಂದಿನ ಸಲ ಎಷ್ಟು ಏರಿತು ಎಂಬ ವ್ಯತ್ಯಾಸವನ್ನೂ ಕೇಳಲಿ.