ನಿಮಗಿದು ಗೊತ್ತೆ? 10 ವೋಲ್ಟ್ ಕೊಟ್ಟರೆ 79 ವೋಲ್ಟ್!

0.5 ಹೆನ್ರಿಯ ಕಾಯಿಲ್, 20 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ಜೊತೆಗೆ ಒಂದು ರೆಸಿಸ್ಟರ್. ಇವನ್ನು ಸರಣಿಯಲ್ಲಿ ಜೋಡಿಸಿ 50 ಹರ್ಟ್ಜ್‌ನ 10 ವೋಲ್ಟ್ ಎ.ಸಿ. ಕೊಡೋಣ. ಕಾಯಿಲ್‌ನದೂ ಸೇರಿ ಒಟ್ಟು ರೋಧ 20 ಓಮ್ ಇರಲಿ. ಮಲ್ಟಿಮೀಟರನ್ನು ಕೆಪಾಸಿಟರ್‌ಗೆ ಹಿಡಿದರೆ ಕಾಣುವುದು ಸುಮಾರು 79 ವೋಲ್ಟ್!

ಕಾರಣ ಅನುರಣನೆ. ಪ್ರವಾಹಕ್ಕೆ ಕಾಯಿಲ್ 157 ಓಮ್, ಕೆಪಾಸಿಟರ್ 159 ಓಮ್ ತಡೆ ಒಡ್ಡುತ್ತವೆ. ಆದರೆ ಒಂದರ ವೋಲ್ಟೇಜ್ ಏರುವಾಗ ಇನ್ನೊಂದರದು ಇಳಿಯುವುದರಿಂದ ಎರಡೂ ಪರಸ್ಪರ ರದ್ದಾಗುತ್ತವೆ. ಉಳಿಯುವ ಇಂಪೀಡೆನ್ಸ್ ಬರೀ 20 ಓಮ್ ಚಿಲ್ಲರೆ. ಹಾಗಾಗಿ ಅರ್ಧ ಆಂಪಿಯರ್ ಹರಿಯುತ್ತದೆ. ಅದನ್ನು 159ರಿಂದ ಗುಣಿಸಿದರೆ 79 ವೋಲ್ಟ್ ಸಿಕ್ಕಿತು.

ಇದು ಪುಕ್ಕಟೆ ಶಕ್ತಿಯಲ್ಲ. ಕಾಯಿಲ್ ಮತ್ತು ಕೆಪಾಸಿಟರ್ ಒಂದೇ ಶಕ್ತಿಯನ್ನು ತಮ್ಮೊಳಗೆ ಅತ್ತಿತ್ತ ಸಾಗಿಸುತ್ತಿರುತ್ತವೆ. ಮೂಲದಿಂದ ಖರ್ಚಾಗುವುದು ರೋಧದಲ್ಲಿ ಶಾಖವಾಗುವ 5 ವ್ಯಾಟ್ ಮಾತ್ರ.

ಈ ಮಂಡಲದ ಅನುರಣನ ಆವರ್ತನ, f = 1/(2π√LC) ಪ್ರಕಾರ, 50.3 ಹರ್ಟ್ಜ್. ಅಲ್ಲಿ ವೋಲ್ಟೇಜ್ ಮತ್ತು ಪ್ರವಾಹದ ನಡುವಿನ ಹಂತಕೋನ ಸೊನ್ನೆ. ಆವರ್ತನವನ್ನು 100 ಹರ್ಟ್ಜ್‌ಗೆ ಏರಿಸಿ ನೋಡಿ: ಕಾಯಿಲ್‌ನ ತಡೆ ಇಮ್ಮಡಿಯಾಗಿ, ಕೆಪಾಸಿಟರ್‌ನದು ಅರ್ಧವಾಗಿ, ಇಂಪೀಡೆನ್ಸ್ 235 ಓಮ್‌ಗೆ ಜಿಗಿಯುತ್ತದೆ. ಪ್ರವಾಹ 85 ಡಿಗ್ರಿ ಹಿಂದೆ ಬೀಳುತ್ತದೆ. ಶಕ್ತಿವ್ಯಯ 0.04 ವ್ಯಾಟ್‌ಗೂ ಕೆಳಗಿಳಿಯುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಮಾಡುವವರು ಮೂಲದ 10 ವೋಲ್ಟ್ ನೋಡಿ ಕೆಪಾಸಿಟರ್ ಆರಿಸಬೇಡಿ. 79 ವೋಲ್ಟ್‌ನ ಶಿಖರಮೌಲ್ಯವೇ 112 ವೋಲ್ಟ್. ಅದಕ್ಕೂ ಹೆಚ್ಚು ತಾಳುವ, ಎ.ಸಿ.ಗೆ ಹೊಂದುವ ಕೆಪಾಸಿಟರನ್ನೇ ಹಾಕಿ.