ಬಡ್ಡಿ ಉಳಿಸುವ ತೆರಿಗೆ, ಪ್ರಶ್ನೆಯಲ್ಲಿ ಅಡಗುವ ಅಂಕಿ

ಬಿ.ಕಾಂ., ಎಂಬಿಎ, ಸಿಎ ಓದುವವರಿಗೆ ಪರಿಚಿತವಾದ ಧಾಟಿಯ ಒಂದು ಪ್ರಶ್ನೆ ಇಲ್ಲಿದೆ. ಒಂದು ಕಂಪನಿಯ ಷೇರು ಬಂಡವಾಳ 10 ಕೋಟಿ ರೂಪಾಯಿ, ಪ್ರತಿ ಷೇರಿನ ಮುಖಬೆಲೆ 10 ರೂಪಾಯಿ. ಮೀಸಲು ನಿಧಿ 20 ಕೋಟಿ. ಮರುಪಾವತಿಯ ಗಡುವಿಲ್ಲದ ಶೇ. 9ರ ಡಿಬೆಂಚರುಗಳು 40 ಕೋಟಿ, ಒಂದರ ಮುಖಬೆಲೆ 100. ಪೇಟೆಯಲ್ಲಿ ಷೇರಿನ ಬೆಲೆ 64 ರೂಪಾಯಿ, ಡಿಬೆಂಚರಿನದು 90. ಷೇರಿನ ಬೀಟಾ 1.2, ಸರ್ಕಾರಿ ಸಾಲಪತ್ರದ ಇಳುವರಿ ಶೇ. 7, ಮಾರುಕಟ್ಟೆಯ ಪ್ರತಿಫಲ ಶೇ. 12. ತೆರಿಗೆಗೆ ಮುಂಚಿನ ಲಾಭ 12 ಕೋಟಿ, ತೆರಿಗೆ ಕಳೆದ ಮೇಲಿನದು 9 ಕೋಟಿ. ಬಂಡವಾಳದ ತೂಕದ ಸರಾಸರಿ ವೆಚ್ಚ ಎಷ್ಟು?

ಕೇಳಿದ್ದು ಸರಳವಾಗಿಯೇ ಇದೆ. ಕಂಪನಿಯಲ್ಲಿ ಎರಡು ಬಗೆಯ ಹಣವಿದೆ, ಷೇರುದಾರರದು ಮತ್ತು ಸಾಲ ಕೊಟ್ಟವರದು. ಇಬ್ಬರೂ ತಮ್ಮ ಹಣಕ್ಕೆ ಇಂತಿಷ್ಟು ಗಳಿಕೆ ಬೇಕೆನ್ನುತ್ತಾರೆ. ಯಾರ ಹಣ ಎಷ್ಟು ಪಾಲಿದೆಯೋ ಆ ತೂಕಕ್ಕೆ ತಕ್ಕಂತೆ ಅವರವರ ನಿರೀಕ್ಷೆಯನ್ನು ಕೂಡಿಸಿದರೆ ಬರುವುದೇ ಈ ಸರಾಸರಿ. ಇದನ್ನು ‘ವ್ಯಾಕ್’ ಎಂದು ಕರೆಯುವುದು ವಾಡಿಕೆ. ಹೊಸ ಯೋಜನೆ ಇದಕ್ಕಿಂತ ಹೆಚ್ಚು ಗಳಿಸದಿದ್ದರೆ ಅದಕ್ಕೆ ಕೈಹಾಕಿ ಫಲವಿಲ್ಲ. ಹಾಗಾದರೆ ಬೇಕಿರುವುದು ನಾಲ್ಕೇ ಅಂಕಿಗಳು: ಷೇರಿನ ವೆಚ್ಚ, ಸಾಲದ ವೆಚ್ಚ, ಎರಡರ ಪಾಲು, ತೆರಿಗೆಯ ದರ. ಮೇಲಿನ ಪ್ರಶ್ನೆಯನ್ನು ಇನ್ನೊಮ್ಮೆ ಓದಿ ನೋಡಿ. ಈ ನಾಲ್ಕರಲ್ಲಿ ಒಂದನ್ನೂ ನೇರವಾಗಿ ಕೊಟ್ಟಿಲ್ಲ.

ತೆರಿಗೆಯಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಇಡೀ ಲೆಕ್ಕದ ಜೀವ ಅಲ್ಲಿದೆ. 12 ಕೋಟಿ ಲಾಭ 9 ಕೋಟಿಗೆ ಇಳಿದಿದೆ ಎಂದರೆ ತೆರಿಗೆ 3 ಕೋಟಿ, ದರ ಶೇ. 25. ದರ ಸಿಕ್ಕಿತು. ಆದರೆ ಅದು ಸಾಲಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಸೂತ್ರದಿಂದಲ್ಲ, ರೂಪಾಯಿಯಿಂದಲೇ ನೋಡೋಣ. 40 ಕೋಟಿ ಡಿಬೆಂಚರಿಗೆ ಶೇ. 9ರಂತೆ ವರ್ಷಕ್ಕೆ 3.6 ಕೋಟಿ ಬಡ್ಡಿ. ಈ ಬಡ್ಡಿ ಕಟ್ಟಿದ ಮೇಲೆ ಉಳಿದದ್ದೇ 12 ಕೋಟಿ; ಅಂದರೆ ಬಡ್ಡಿಗೂ ಮುಂಚೆ 15.6 ಕೋಟಿ ಇತ್ತು. ಸಾಲವೇ ಇರದಿದ್ದರೆ 15.6 ಕೋಟಿಯ ಮೇಲೆ 3.9 ಕೋಟಿ ತೆರಿಗೆ ಬೀಳುತ್ತಿತ್ತು. ಈಗ ಬಿದ್ದಿರುವುದು 3 ಕೋಟಿ. ಬಡ್ಡಿಯನ್ನು ಖರ್ಚೆಂದು ಕಾನೂನು ಒಪ್ಪಿದ್ದರಿಂದ 90 ಲಕ್ಷ ಉಳಿಯಿತು. ಸಾಲ ಕೊಟ್ಟವರ ಕೈಗೆ 3.6 ಕೋಟಿ ಹೋದರೂ ಕಂಪನಿಯ ಜೇಬಿನಿಂದ ನಿಜಕ್ಕೂ ಹೋದದ್ದು 2.7 ಕೋಟಿ. ಸಾಲದ ತೆರಿಗೆ ರಕ್ಷಣೆ ಎಂದರೆ ಈ 90 ಲಕ್ಷವೇ, ಬೇರೇನೂ ಅಲ್ಲ. ಷೇರುದಾರರಿಗೆ ಕೊಡುವ ಲಾಭಾಂಶ ತೆರಿಗೆ ಕಟ್ಟಿದ ಮೇಲಿನ ಹಣದಿಂದ ಹೋಗುವುದರಿಂದ ಅದಕ್ಕೆ ಈ ರಿಯಾಯಿತಿ ಇಲ್ಲ. ಪ್ರಾಶಸ್ತ್ಯ ಷೇರಿಗೂ ಇಲ್ಲ. ‘ಶೇ. 10ರ’ ಎಂಬ ಹಣೆಪಟ್ಟಿ ನೋಡಿ ಅದನ್ನು ಸಾಲದ ಸಾಲಿಗೆ ಸೇರಿಸಿ ತೆರಿಗೆ ಕಳೆಯುವವರಿಗೇನೂ ಕಡಿಮೆಯಿಲ್ಲ.

ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ಬರೆದ ಪ್ರಬಂಧ ಈ ವಿಷಯದ ಬುನಾದಿ. ಅವರೇ 1963ರಲ್ಲಿ ಇನ್ನೊಂದು ಪ್ರಬಂಧ ಬರೆದು ತಮ್ಮ ತೆರಿಗೆಯ ಲೆಕ್ಕವನ್ನು ತಿದ್ದಿಕೊಂಡರು. ವಿದ್ಯಾರ್ಥಿಗಳಿಗೆ ಇದೊಂದು ಸಮಾಧಾನ ಎನ್ನಬಹುದು.

ಈಗ ಸಾಲದ ವೆಚ್ಚ. ಶೇ. 9 ಎಂದು ಬರೆದಿರುವುದು ಮುಖಬೆಲೆಯ ಮೇಲಿನ ಬಡ್ಡಿ. ಇವತ್ತು 90 ರೂಪಾಯಿ ಕೊಟ್ಟು ಡಿಬೆಂಚರು ಕೊಳ್ಳುವವನಿಗೆ ವರ್ಷಕ್ಕೆ 9 ರೂಪಾಯಿ ಬರುತ್ತದೆ. ಅಂದರೆ ಅವನು ಕೇಳುತ್ತಿರುವುದು ಶೇ. 10. ಕಂಪನಿ ಇಂದು ಹೊಸ ಸಾಲ ಎತ್ತಿದರೂ ಇದೇ ದರ ಕೊಡಬೇಕು. ಹಾಗಾಗಿ ಶೇ. 10ರಲ್ಲಿ ತೆರಿಗೆಯ ಕಾಲು ಭಾಗ ಕಳೆದು ಶೇ. 7.5. ಗಡುವಿಲ್ಲದ ಡಿಬೆಂಚರು ನಿಜಜೀವನಕ್ಕಿಂತ ಪ್ರಶ್ನೆಪತ್ರಿಕೆಯಲ್ಲೇ ಹೆಚ್ಚು ಕಾಣಸಿಗುವುದು. ಅದೇ ಡಿಬೆಂಚರನ್ನು 5 ವರ್ಷದ ನಂತರ 100 ರೂಪಾಯಿಗೆ ತೀರಿಸಬೇಕು ಎಂದು ಪ್ರಶ್ನೆ ಸೇರಿಸಿದರೆ ಲೆಕ್ಕ ಬದಲಾಗುತ್ತದೆ. ಬಡ್ಡಿಯ ಜೊತೆ ಹೆಚ್ಚುವರಿ 10 ರೂಪಾಯಿ ವರ್ಷಕ್ಕೆ 2ರಂತೆ ಹಂಚಿಹೋಗುತ್ತದೆ. ನಮ್ಮ ಪಠ್ಯಪುಸ್ತಕಗಳ ರೂಢಿಯಂತೆ ತೆರಿಗೆ ಕಳೆಯುವುದು 9 ರೂಪಾಯಿ ಬಡ್ಡಿಗೆ ಮಾತ್ರ, ಈ 2 ರೂಪಾಯಿಗಲ್ಲ. 6.75ಕ್ಕೆ 2 ಸೇರಿಸಿ, 90 ಮತ್ತು 100ರ ನಡುವಿನ 95ರಿಂದ ಭಾಗಿಸಿದರೆ ಸುಮಾರು ಶೇ. 9.21. ಎರಡನ್ನೂ ಕೂಡಿಸಿ ಒಟ್ಟಿಗೇ ತೆರಿಗೆ ಕಳೆದರೆ ಶೇ. 8.68 ಬಂದು ಅಂಕ ಕೈತಪ್ಪುತ್ತದೆ.

ಮೂಲ ಪ್ರಶ್ನೆಗೆ ಮರಳೋಣ. ಷೇರಿನ ವೆಚ್ಚಕ್ಕೆ ಬೀಟಾ ಕೊಟ್ಟಿದ್ದಾರೆ. ಅಪಾಯವಿಲ್ಲದ ಶೇ. 7ರ ಮೇಲೆ, ಮಾರುಕಟ್ಟೆ ಹೆಚ್ಚಾಗಿ ಕೊಡುವುದನ್ನು 1.2ರಿಂದ ಗುಣಿಸಿ ಸೇರಿಸಬೇಕು. ‘ಹೆಚ್ಚಾಗಿ’ ಎಂಬುದೇ ಇಲ್ಲಿ ಮುಖ್ಯ. ಮಾರುಕಟ್ಟೆಯ ಪ್ರತಿಫಲ ಶೇ. 12, ಅದರಲ್ಲಿ 7 ಕಳೆದರೆ ಹೆಚ್ಚುವರಿ 5. ಷೇರಿನ ವೆಚ್ಚ ಶೇ. 13. 12ನ್ನೇ ಹೆಚ್ಚುವರಿ ಎಂದುಕೊಂಡರೆ ಶೇ. 21.4 ಆಗುತ್ತದೆ. ಕೆಲವು ಪ್ರಶ್ನೆಗಳಲ್ಲಿ ‘ಮಾರುಕಟ್ಟೆಯ ಅಪಾಯದ ಪ್ರೀಮಿಯಂ’ ಎಂದೇ ಕೊಟ್ಟಿರುತ್ತಾರೆ, ಆಗ ಏನನ್ನೂ ಕಳೆಯಬಾರದು. ವ್ಯತ್ಯಾಸ ಒಂದೇ ಪದದ್ದು.

ಪಾಲು ಹಾಕುವಾಗ ಹೆಚ್ಚಿನವರು ಆಸ್ತಿ-ಹೊಣೆ ಪಟ್ಟಿಯತ್ತ ಓಡುತ್ತಾರೆ: ಬಂಡವಾಳ 10 ಕೋಟಿ, ಮೀಸಲು 20 ಕೋಟಿ, ಸಾಲ 40 ಕೋಟಿ. ಪೇಟೆಯ ಬೆಲೆ ಕೊಟ್ಟಿರುವಾಗ ಇದು ಹಳೆಯ ಲೆಕ್ಕ. ಷೇರುಗಳ ಸಂಖ್ಯೆ ಕೊಟ್ಟಿಲ್ಲವಾದರೂ 10 ಕೋಟಿಯನ್ನು ಮುಖಬೆಲೆ 10ರಿಂದ ಭಾಗಿಸಿದರೆ 1 ಕೋಟಿ ಷೇರು. ತಲಾ 64ರಂತೆ 64 ಕೋಟಿ. ಡಿಬೆಂಚರುಗಳು 40 ಲಕ್ಷ, ತಲಾ 90ರಂತೆ 36 ಕೋಟಿ. ಮೀಸಲು ನಿಧಿಯನ್ನು ಇದಕ್ಕೆ ಸೇರಿಸುವಂತಿಲ್ಲ. ಆ 20 ಕೋಟಿಯೂ ಷೇರುದಾರರದೇ ಹಣ, 64 ರೂಪಾಯಿ ಎಂದು ಬೆಲೆ ಕಟ್ಟಿದ ಪೇಟೆ ಅದನ್ನೂ ಲೆಕ್ಕಕ್ಕೆ ಹಿಡಿದೇ ಕಟ್ಟಿದೆ. ‘ಸಾಲ-ಷೇರು ಅನುಪಾತ 0.5’ ಎಂದು ಕೊಟ್ಟಾಗ ಸಾಲದ ಪಾಲು ಅರ್ಧವಲ್ಲ, ಮೂರನೆಯ ಒಂದು ಎಂಬುದನ್ನೂ ಇಲ್ಲೇ ಗಮನಿಸಬಹುದು.

ಒಟ್ಟು 100 ಕೋಟಿ. ಶೇ. 13ರ 64 ಭಾಗ 8.32, ಶೇ. 7.5ರ 36 ಭಾಗ 2.70. ಉತ್ತರ ಶೇ. 11.02. ಪುಸ್ತಕದ ಬೆಲೆ ಹಿಡಿದು, ಬಡ್ಡಿ ಶೇ. 9 ಎಂದೇ ಕೊಂಡಿದ್ದರೆ ಶೇ. 9.43 ಬರುತ್ತಿತ್ತು. ಶೇ. 10 ಗಳಿಸುವ ಯೋಜನೆಯೊಂದು ಎದುರಿಗಿದ್ದರೆ ಮೊದಲ ಉತ್ತರ ಬೇಡ ಎನ್ನುತ್ತದೆ, ಎರಡನೆಯದು ಸೈ ಎನ್ನುತ್ತದೆ.

ಇಷ್ಟಾದ ಮೇಲೂ ಒಂದು ಎಡವಟ್ಟು ಉಳಿಯುತ್ತದೆ. ಪ್ರಶ್ನೆಯ ಎರಡನೆಯ ಭಾಗದಲ್ಲಿ ಯೋಜನೆಯ ನಗದು ಹರಿವು ಲೆಕ್ಕ ಹಾಕುವಾಗ ಬಡ್ಡಿ ಕಳೆದ ಲಾಭದ ಮೇಲೆ ತೆರಿಗೆ ಹಾಕಿದರೆ, ಅದೇ ಉಳಿತಾಯ ಎರಡು ಸಲ ಎಣಿಕೆಯಾಗುತ್ತದೆ. ಶೇ. 10ನ್ನು ಶೇ. 7.5ಕ್ಕೆ ಇಳಿಸುವಾಗಲೇ ಅದನ್ನು ಎಣಿಸಿಯಾಗಿದೆ. ಹಾಗಾಗಿ ನಗದು ಹರಿವಿನಲ್ಲಿ ಸಾಲವೇ ಇಲ್ಲವೆಂಬಂತೆ ತೆರಿಗೆ ಹಾಕಬೇಕು. ನಮ್ಮ ಕಂಪನಿಯ ಉದಾಹರಣೆಯಲ್ಲಿ ಅದು 3 ಕೋಟಿಯಲ್ಲ, 3.9 ಕೋಟಿ.

ಹೊರಗಿನ ಜಗತ್ತಿನಲ್ಲಿ ದರವೂ ಇಷ್ಟು ದುಂಡಗಿರುವುದಿಲ್ಲ. ಭಾರತದ ಕಂಪನಿಗಳು ರಿಯಾಯಿತಿಗಳನ್ನು ಬಿಟ್ಟುಕೊಟ್ಟು ಆಯ್ದುಕೊಳ್ಳಬಹುದಾದ ಶೇ. 22ರ ದರ 2019ರಲ್ಲಿ ಬಂತು. ಅದರ ಮೇಲೆ ಶೇ. 10 ಸರ್‌ಚಾರ್ಜ್, ಎರಡರ ಮೇಲೆ ಶೇ. 4 ಸೆಸ್ ಸೇರಿದರೆ ಶೇ. 25.168. ಬಡ್ಡಿಯೂ ಈ ಪೂರ್ತಿ ದರದಲ್ಲೇ ತೆರಿಗೆ ಉಳಿಸುತ್ತದೆ, ಬರೀ 22ರಲ್ಲಲ್ಲ. ಆದರೆ ಲಾಭ ಇದ್ದರೆ ಮಾತ್ರ. ತೆರಿಗೆಯನ್ನೇ ಕಟ್ಟದ ನಷ್ಟದ ವರ್ಷದಲ್ಲಿ ಉಳಿಸುವುದಕ್ಕೆ ಏನೂ ಇರುವುದಿಲ್ಲ, ಆ ವರ್ಷದ ಮಟ್ಟಿಗೆ ಸಾಲದ ವೆಚ್ಚ ಪೂರ್ತಿ ಶೇ. 10. ಪ್ರಶ್ನೆಯಲ್ಲಿ ‘ಮುಂದಕ್ಕೆ ಸಾಗಿಸಿದ ನಷ್ಟ’ ಎಂಬ ಮಾತು ಯಾವುದೋ ಮೂಲೆಯಲ್ಲಿ ಕಂಡರೆ, ಶೇ. 25 ಕಳೆಯುವ ಮುನ್ನ ಅಲ್ಲಿ ನಿಂತು ಓದಬೇಕು.