ಬಲೂನು ಹೇಳುವ ಸುಳ್ಳು

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ನಳಿಗೆ ತೂರಿಸಿ, ಎಕ್ಸ್‌ರೇ ತೆಗೆಸಿಕೊಂಡ. ಇಂದು ಆ ದಾರಿಯಲ್ಲಿ ಸಾಗುವ ಕ್ಯಾಥೆಟರಿನ ತುದಿಗೊಂದು ಪುಟ್ಟ ಬಲೂನಿದೆ. ರಕ್ತದ ಹರಿವಿನೊಂದಿಗೆ ತೇಲಿ, ಶ್ವಾಸಕೋಶದ ಅಪಧಮನಿಯ ಕವಲೊಂದನ್ನು ಮುಚ್ಚಿ ನಿಂತಾಗ, ಆಚೆಯ ಎಡ ಹೃತ್ಕರ್ಣದ ಒತ್ತಡವನ್ನು ಅದು ಅಂದಾಜಾಗಿ ತೋರಿಸುತ್ತದೆ. ಇದೇ ವೆಜ್ ಒತ್ತಡ.

ತಪ್ಪುವುದೂ ಇಲ್ಲೇ.

ಒಬ್ಬ ರೋಗಿಯ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 46 ಮಿ.ಮೀ. ಪಾದರಸ, ವೆಜ್ 24 ಎಂದುಕೊಳ್ಳೋಣ. ದೋಷ ಎಡ ಹೃದಯದ್ದೆಂದು ತೀರ್ಮಾನಿಸುವುದು ಸುಲಭ. ಆದರೆ ಎಕೋದಲ್ಲಿ ಎಡ ಹೃದಯ ಚೆನ್ನಾಗಿದ್ದರೆ ಅನುಮಾನಪಡಬೇಕು. ಬಲೂನು ಉಬ್ಬಿರುವಾಗಲೇ ತುದಿಯಿಂದ ನಿಧಾನವಾಗಿ ರಕ್ತ ಎಳೆದು ನೋಡಿದರೆ ಆಮ್ಲಜನಕ ಶೇ. 68 ಮಾತ್ರ. ಕವಲು ನಿಜಕ್ಕೂ ಮುಚ್ಚಿದ್ದರೆ ಅದು ಅಪಧಮನಿಯ ರಕ್ತದಷ್ಟೇ ಇರಬೇಕಿತ್ತು. ಬಲೂನಿನ ಪಕ್ಕದಿಂದ ರಕ್ತ ನುಸುಳುತ್ತಿದೆ.

ಗಾಳಿ ಇಳಿಸಿ, ಜಾಗ ಬದಲಿಸಿ, ಉಸಿರು ಬಿಟ್ಟ ಕೊನೆಯಲ್ಲಿ ಓದಿದಾಗ ವೆಜ್ 11, ಆಮ್ಲಜನಕ ಶೇ. 96. ತಣ್ಣನೆಯ ಸಲೈನ್ ಹಾಯಿಸಿ ಅಳೆದ ಹೃದಯದ ಹೊರಹರಿವು ನಿಮಿಷಕ್ಕೆ 4 ಲೀಟರ್. 46ರಿಂದ 11 ಕಳೆದು 4ರಿಂದ ಭಾಗಿಸಿದರೆ ಶ್ವಾಸಕೋಶದ ರಕ್ತನಾಳಗಳ ಪ್ರತಿರೋಧ 8.75 ವುಡ್ ಯೂನಿಟ್. ಮೊದಲಿನ ವೆಜ್ ನಂಬಿದ್ದರೆ 5.5. ಈಗ ದೋಷ ಶ್ವಾಸಕೋಶದ ರಕ್ತನಾಳಗಳತ್ತ ಬೊಟ್ಟು ಮಾಡುತ್ತದೆ, ಚಿಕಿತ್ಸೆಯ ದಾರಿಯೂ ಬೇರೆ. ಬಲೂನನ್ನು ಮಾತ್ರ ಹೆಚ್ಚು ಹೊತ್ತು ಉಬ್ಬಿಸಿಡಬಾರದು, ರಕ್ತನಾಳ ಒಡೆದೀತು.